ಬೀಗ ಕಳೆದ ಮನೆ, ಚಿಲಕ ಮುರಿದ ಮನೆ

ಇ. ಕೋಲೈ ಬ್ಯಾಕ್ಟೀರಿಯಾದ ಎರಡು ತಳಿಗಳು ನಮ್ಮ ಮುಂದಿವೆ ಎಂದುಕೊಳ್ಳಿ. ಎರಡಕ್ಕೂ ಕೊಟ್ಟಿರುವ ಆಹಾರದಲ್ಲಿ ಹಾಲಿನ ಸಕ್ಕರೆ, ಅಂದರೆ ಲ್ಯಾಕ್ಟೋಸ್, ಒಂದು ಕಣವೂ ಇಲ್ಲ. ಆದರೂ ಎರಡೂ ತಳಿಗಳು ಲ್ಯಾಕ್ಟೋಸನ್ನು ಒಡೆಯುವ ಕಿಣ್ವವನ್ನು ಹಗಲೂ ರಾತ್ರಿ ತಯಾರಿಸುತ್ತಲೇ ಇವೆ. ಅಕ್ಕಿಯಿಲ್ಲದ ಮನೆಯಲ್ಲಿ ಒಲೆ ಉರಿಸಿಟ್ಟ ಹಾಗೆ. ಹೊರಗಿನಿಂದ ನೋಡಿದರೆ ಎರಡರ ರೋಗಲಕ್ಷಣವೂ ಒಂದೇ, ಆದರೆ ಒಳಗಿನ ರೋಗ ಬೇರೆ ಬೇರೆ. 1950ರ ದಶಕದ ಕೊನೆಯಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯ ಫ್ರಾಂಸ್ವಾ ಜಾಕೋಬ್ ಮತ್ತು ಜಾಕ್ ಮೊನೊ ಈ ಎರಡು ರೋಗಗಳನ್ನು ಬೇರ್ಪಡಿಸಿದ ಬಗೆಯಿಂದಲೇ ಲ್ಯಾಕ್ ಒಪೆರಾನ್ ಎಂಬ ಕಲ್ಪನೆ ಹುಟ್ಟಿತು.

ಮೊದಲು ಆರೋಗ್ಯವಂತ ಕೋಶದಲ್ಲಿ ಏನಾಗುತ್ತದೆ ನೋಡೋಣ. ಡಿಎನ್‌ಎಯ ಮೇಲೆ ಮೂರು ಜೀನ್‌ಗಳು ಸಾಲಾಗಿವೆ. ಝಡ್ ಜೀನ್ ಲ್ಯಾಕ್ಟೋಸನ್ನು ಒಡೆಯುವ ಕಿಣ್ವವನ್ನು ಕೊಡುತ್ತದೆ, ವೈ ಜೀನ್ ಲ್ಯಾಕ್ಟೋಸನ್ನು ಕೋಶದೊಳಕ್ಕೆ ಬಿಟ್ಟುಕೊಳ್ಳುವ ಪರ್ಮಿಯೇಸನ್ನು ಕೊಡುತ್ತದೆ. ಮೂರನೆಯದು ನಮ್ಮ ಕಥೆಗೆ ಬೇಕಿಲ್ಲ. ಈ ಸಾಲಿನ ತಲೆಬಾಗಿಲಲ್ಲಿ ಪ್ರೊಮೋಟರ್ ಎಂಬ ಜಾಗವಿದೆ. ಜೀನನ್ನು ಓದುವ ಪಾಲಿಮರೇಸ್ ಕಿಣ್ವ ಬಂದು ಕೂರುವುದು ಅಲ್ಲಿ. ಅದಕ್ಕೆ ಅಂಟಿಕೊಂಡೇ ಆಪರೇಟರ್ ಎಂಬ ಇನ್ನೊಂದು ಚಿಕ್ಕ ತುಣುಕಿದೆ. ಅದರಿಂದ ಯಾವ ಪ್ರೋಟೀನೂ ತಯಾರಾಗುವುದಿಲ್ಲ, ಅದು ಬರೀ ಜಾಗ. ಅದನ್ನು ಬಾಗಿಲಿಗೆ ಜಡಿದ ಚಿಲಕ ಎನ್ನೋಣ. ಆ ಚಿಲಕಕ್ಕೆ ಬೀಳುವ ಬೀಗವೇ ರೆಪ್ರೆಸರ್ ಪ್ರೋಟೀನು. ಪಕ್ಕದ ಐ ಜೀನ್ ಅದನ್ನು ಸದಾಕಾಲ ತಯಾರಿಸುತ್ತಿರುತ್ತದೆ, ಅದೂ ಬಹಳ ಜಿಪುಣತನದಿಂದ: ಒಂದು ಕೋಶದಲ್ಲಿ ಸುಮಾರು 10 ಬೀಗಗಳು, ಅಷ್ಟೆ.

ಲ್ಯಾಕ್ಟೋಸ್ ಇಲ್ಲದಾಗ ಚಿಲಕಕ್ಕೆ ಬೀಗ ಬಿದ್ದಿರುತ್ತದೆ, ಪಾಲಿಮರೇಸಿಗೆ ದಾರಿಯಿಲ್ಲ. ಲ್ಯಾಕ್ಟೋಸ್ ಬಂದಾಗ ಅದರ ಸ್ವಲ್ಪ ಭಾಗ ಅಲ್ಲೋಲ್ಯಾಕ್ಟೋಸ್ ಆಗಿ ಮಾರ್ಪಟ್ಟು ರೆಪ್ರೆಸರಿಗೆ ಅಂಟುತ್ತದೆ. ರೆಪ್ರೆಸರಿನ ಆಕಾರ ಬದಲಾಗಿ ಅದು ಡಿಎನ್‌ಎಯ ಹಿಡಿತ ಬಿಡುತ್ತದೆ. ಬೀಗ ತೆಗೆಯುವ ಕೀಲಿಕೈ ಇದೇ. ಕಿಣ್ವದ ಉತ್ಪಾದನೆ ಸುಮಾರು ಸಾವಿರ ಪಟ್ಟು ಏರುತ್ತದೆ.

ಈಗ ಮೊದಲ ತಳಿ. ಐ ಜೀನ್ ಕೆಟ್ಟಿದೆ, ಆದ್ದರಿಂದ ಬೀಗವೇ ಇಲ್ಲ. ಲ್ಯಾಕ್ಟೋಸ್ ಇರಲಿ, ಬಿಡಲಿ, ಬಾಗಿಲು ತೆರೆದೇ ಇರುತ್ತದೆ. ಎರಡನೆಯ ತಳಿಯಲ್ಲಿ ಬೀಗ ಚೆನ್ನಾಗಿಯೇ ತಯಾರಾಗುತ್ತಿದೆ, ಆದರೆ ಆಪರೇಟರ್ ಹಾಳಾಗಿ ಅದನ್ನು ಹಾಕಲು ಜಾಗವಿಲ್ಲ. ಫಲ ಒಂದೇ: ಬಾಗಿಲು ತೆರೆದಿದೆ. ಆಪರೇಟರ್ ಹೋದರೆ ಜೀನ್ ಓದುವುದೇ ನಿಂತುಹೋಗುತ್ತದೆ ಎಂದು ಬರೆದು ಅಂಕ ಕಳೆದುಕೊಳ್ಳುವವರು ಬಹಳ. ಪಾಲಿಮರೇಸ್ ಕೂರುವುದು ಪ್ರೊಮೋಟರಿನ ಮೇಲೆ. ಚಿಲಕ ಕಿತ್ತುಬಂದರೆ ಬಾಗಿಲು ಮುಚ್ಚಿಕೊಳ್ಳುವುದಿಲ್ಲವಲ್ಲ!

ಹಾಗಾದರೆ ಯಾರ ಮನೆಯಲ್ಲಿ ಬೀಗ ಕಳೆದಿದೆ, ಯಾರ ಮನೆಯಲ್ಲಿ ಚಿಲಕ ಮುರಿದಿದೆ ಎಂದು ಪತ್ತೆ ಮಾಡುವುದು ಹೇಗೆ? ಪಕ್ಕದ ಮನೆಯಿಂದ ಒಂದು ಬೀಗ ತಂದು ಕೊಟ್ಟು ನೋಡಬೇಕು.

ಬ್ಯಾಕ್ಟೀರಿಯಾದಲ್ಲಿ ಇದು ನಿಜಕ್ಕೂ ಸಾಧ್ಯ. ಕೋಶದ ಮುಖ್ಯ ಡಿಎನ್‌ಎ ಜೊತೆಗೆ ಲ್ಯಾಕ್ ಭಾಗದ ಇನ್ನೊಂದು ಪ್ರತಿಯನ್ನು ಹೊತ್ತ ಚಿಕ್ಕ ಡಿಎನ್‌ಎ ಉಂಗುರವೊಂದನ್ನು ಒಳಗೆ ಸೇರಿಸಬಹುದು. ಆ ಪ್ರತಿಯಲ್ಲಿ ಐ ಜೀನ್ ಸರಿಯಾಗಿದೆ, ಆಪರೇಟರೂ ಸರಿಯಾಗಿದೆ, ಆದರೆ ಝಡ್ ಬೇಕೆಂದೇ ಕೆಟ್ಟದ್ದು. ಹೀಗಾಗಿ ಕೋಶದಲ್ಲಿ ಕಾಣುವ ಕಿಣ್ವವೆಲ್ಲ ಮುಖ್ಯ ಡಿಎನ್‌ಎಯಿಂದಲೇ ಬಂದದ್ದು ಎಂದು ಖಚಿತ. ಮೊದಲ ತಳಿಗೆ ಈ ಉಂಗುರ ಕೊಟ್ಟರೆ ಕಿಣ್ವದ ಉತ್ಪಾದನೆ ನಿಲ್ಲುತ್ತದೆ. ಲ್ಯಾಕ್ಟೋಸ್ ಹಾಕಿದರೆ ಮಾತ್ರ ಮತ್ತೆ ಶುರುವಾಗುತ್ತದೆ, ತಳಿ ಪೂರ್ತಿ ಗುಣವಾಯಿತು. ಉಂಗುರದಲ್ಲಿ ತಯಾರಾದ ರೆಪ್ರೆಸರ್ ಕೋಶದ ದ್ರವದಲ್ಲಿ ತೇಲಿಹೋಗಿ ಮುಖ್ಯ ಡಿಎನ್‌ಎಯ ಆಪರೇಟರಿಗೆ ಬಿಗಿಯಿತು. ಬೀಗ ಎಲ್ಲಿಂದ ಬಂದರೇನು, ಬೀಗವೇ.

ಎರಡನೆಯ ತಳಿಗೆ ಅದೇ ಉಂಗುರ ಕೊಡಿ. ಏನೂ ಬದಲಾಗುವುದಿಲ್ಲ, ಕಿಣ್ವ ಸುರಿಯುತ್ತಲೇ ಇರುತ್ತದೆ. ಉಂಗುರದ ಒಳ್ಳೆಯ ಆಪರೇಟರ್ ಉಂಗುರದ ಬಾಗಿಲಿಗೆ ಮಾತ್ರ ಚಿಲಕ. ಅದನ್ನು ಬಿಚ್ಚಿ ಪಕ್ಕದ ಮನೆಗೆ ಕೊಡಲು ಬರುವುದಿಲ್ಲ.

ಇದನ್ನು ಇನ್ನೂ ಸ್ಪಷ್ಟವಾಗಿ ತೋರಿಸುವ ಒಂದು ಜೋಡಣೆಯಿದೆ, ತಾಳ್ಮೆಯಿಂದ ಓದಿ. ಐ ಜೀನ್ ಎರಡೂ ಕಡೆ ಸರಿಯಾಗಿರಲಿ. ಮುಖ್ಯ ಡಿಎನ್‌ಎಯಲ್ಲಿ ಆಪರೇಟರ್ ಸರಿ, ಝಡ್ ಸರಿ, ವೈ ಕೆಟ್ಟಿದೆ. ಉಂಗುರದಲ್ಲಿ ಆಪರೇಟರ್ ಕೆಟ್ಟಿದೆ, ಝಡ್ ಕೆಟ್ಟಿದೆ, ವೈ ಸರಿ. ಲ್ಯಾಕ್ಟೋಸ್ ಇಲ್ಲದಾಗ ಈ ಕೋಶದಲ್ಲಿ ಪರ್ಮಿಯೇಸ್ ಧಾರಾಳವಾಗಿ ಸಿಗುತ್ತದೆ, ಒಡೆಯುವ ಕಿಣ್ವ ಸಿಗುವುದಿಲ್ಲ. ಲ್ಯಾಕ್ಟೋಸ್ ಹಾಕಿದ ಮೇಲೆ ಎರಡೂ ಸಿಗುತ್ತವೆ. ಮುರಿದ ಚಿಲಕದ ಪರಿಣಾಮ ಅದೇ ಡಿಎನ್‌ಎಯ ಮೇಲೆ ಅದರ ಹಿಂದೆ ಸಾಲಾಗಿರುವ ಜೀನ್‌ಗಳಿಗೆ ಮಾತ್ರ, ಒಂದೇ ಕೋಶದಲ್ಲಿದ್ದರೂ ಬೇರೆ ಡಿಎನ್‌ಎಗೆ ಇಲ್ಲ.

ರೆಪ್ರೆಸರ್ ತೇಲಾಡುವ ವಸ್ತು ಎಂಬ ಸುಳಿವು ಮೊದಲು ಸಿಕ್ಕಿದ್ದು ಆರ್ಥರ್ ಪಾರ್ಡಿ ಜೊತೆ ಸೇರಿ ಮಾಡಿದ, 1959ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ. ಮೂವರ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಸಹೋದ್ಯೋಗಿಗಳು ಅದಕ್ಕೆ ‘ಪಜಾಮ’ ಪ್ರಯೋಗ ಎಂದು ಹೆಸರಿಟ್ಟರು, ನಮ್ಮ ಪೈಜಾಮದ ಹಾಗೇ ಕೇಳಿಸುತ್ತದೆ. ಐ ಮತ್ತು ಝಡ್ ಎರಡೂ ಸರಿಯಿರುವ ‘ಗಂಡು’ ಕೋಶದಿಂದ ಎರಡೂ ಕೆಟ್ಟಿರುವ ‘ಹೆಣ್ಣು’ ಕೋಶಕ್ಕೆ ಡಿಎನ್‌ಎ ಸಾಗಿಸಿದರು. ಲ್ಯಾಕ್ಟೋಸ್ ಹಾಕಲಿಲ್ಲ. ಆದರೂ ಕೆಲವೇ ನಿಮಿಷಗಳಲ್ಲಿ ಕಿಣ್ವ ತಯಾರಾಗತೊಡಗಿತು, ಏಕೆಂದರೆ ಹೆಣ್ಣು ಕೋಶದಲ್ಲಿ ಬೀಗವಿರಲಿಲ್ಲ. ಒಂದು ಗಂಟೆ ದಾಟಿದ ಮೇಲೆ ಉತ್ಪಾದನೆ ನಿಂತಿತು. ಹೊಸದಾಗಿ ಬಂದ ಐ ಜೀನ್ ಅಷ್ಟು ಹೊತ್ತಿಗೆ ಸಾಕಷ್ಟು ಬೀಗ ತಯಾರಿಸಿತ್ತು. ಅದುವರೆಗೆ ಮೊನೊ ಇದಕ್ಕೆ ತಿರುಗಾದದ್ದನ್ನು ನಂಬಿದ್ದರು: ಸಾಮಾನ್ಯ ಕೋಶದಲ್ಲಿ ಜೀನ್ ಸುಮ್ಮನಿರುತ್ತದೆ, ಅದನ್ನು ಎಬ್ಬಿಸಬೇಕು ಎಂದು.

ಆಪರೇಟರ್ ಕೆಟ್ಟ ತಳಿಗಳನ್ನು ಹುಡುಕಿದ ಜಾಣತನ ನನಗೆ ಇನ್ನೂ ಹೆಚ್ಚು ಇಷ್ಟ. ಬಾಗಿಲು ತೆರೆದ ತಳಿಗಳನ್ನು ಸುಮ್ಮನೆ ಆರಿಸಿದರೆ ಬಹುತೇಕ ಐ ಕೆಟ್ಟವೇ ಸಿಗುತ್ತವೆ. ಅದಕ್ಕೇ ಅವರು ಎರಡೆರಡು ಒಳ್ಳೆಯ ಐ ಜೀನ್ ಇರುವ ಕೋಶಗಳಲ್ಲಿ ಹುಡುಕಿದರು. ಅಲ್ಲಿ ಒಂದು ಐ ಕೆಟ್ಟರೂ ಇನ್ನೊಂದು ಬೀಗ ಒದಗಿಸುತ್ತದೆ. ಆದ್ದರಿಂದ ತೆರೆದ ಬಾಗಿಲು ಕಂಡರೆ ಹೆಚ್ಚುಕಡಿಮೆ ಚಿಲಕವೇ ಮುರಿದಿರಬೇಕು.

ಪಠ್ಯಪುಸ್ತಕ ಹೇಳದೆ ಬಿಡುವ ಕೆಲವು ಮಾತುಗಳಿವೆ. ಆಪರೇಟರ್ ಕೆಟ್ಟ ಹಲವು ತಳಿಗಳಲ್ಲಿ ಲ್ಯಾಕ್ಟೋಸ್ ಇಲ್ಲದಾಗ ತಯಾರಾಗುವ ಕಿಣ್ವ ಪೂರ್ಣ ಮಟ್ಟದ ಶೇಕಡಾ 10-20 ಮಾತ್ರ. ಬಗ್ಗಿದ ಚಿಲಕಕ್ಕೂ ಬೀಗ ಸಡಿಲವಾಗಿ ನೇತಾಡುತ್ತದೆ. ಲ್ಯಾಕ್ಟೋಸ್ ಹಾಕಿದರೆ ಉತ್ಪಾದನೆ ಇನ್ನೂ ಏರುತ್ತದೆ. ಇನ್ನು ಗ್ಲೂಕೋಸ್ ಸಮೃದ್ಧವಾಗಿದ್ದರೆ ಎರಡೂ ತಳಿಗಳಲ್ಲಿ ಉತ್ಪಾದನೆ ಕುಗ್ಗುತ್ತದೆ. ಬಾಗಿಲು ತೆರೆದಿದ್ದರೂ ಪಾಲಿಮರೇಸನ್ನು ಒಳಗೆ ಕರೆತರಲು ಕ್ಯಾಪ್ ಎಂಬ ಇನ್ನೊಂದು ಪ್ರೋಟೀನಿನ ನೆರವು ಬೇಕು, ಗ್ಲೂಕೋಸ್ ಇದ್ದಾಗ ಆ ನೆರವು ಸಿಗುವುದಿಲ್ಲ. ಬೀಗದ ನಿಯಮಕ್ಕೂ ಅಪವಾದವಿದೆ. ರೆಪ್ರೆಸರ್ ನಾಲ್ಕು ತುಂಡುಗಳು ಕೂಡಿ ಆಗುವುದರಿಂದ ಕೆಲವು ಕೆಟ್ಟ ತುಂಡುಗಳು ಒಳ್ಳೆಯವುಗಳ ಜೊತೆ ಬೆರೆತು ಇಡೀ ಬೀಗವನ್ನೇ ಕೆಡಿಸುತ್ತವೆ. ಅಂಥ ಕಡೆ ಎರಡನೆಯ ಐ ಜೀನ್ ಕೊಟ್ಟರೂ ಗುಣ ಕಾಣದು.

ಇಷ್ಟೆಲ್ಲ ತರ್ಕ ನಡೆದಾಗ ಬೀಗವನ್ನಾಗಲಿ ಚಿಲಕವನ್ನಾಗಲಿ ಕಣ್ಣಾರೆ ಕಂಡವರು ಯಾರೂ ಇರಲಿಲ್ಲ. ಜಾಕೋಬ್ ಮತ್ತು ಮೊನೊ ಅವರಿಗೆ ಆಂದ್ರೆ ಲ್ವೋಫ್ ಜೊತೆ ನೊಬೆಲ್ ಬಂದದ್ದು 1965ರಲ್ಲಿ. ಹಾರ್ವರ್ಡಿನ ವಾಲ್ಟರ್ ಗಿಲ್ಬರ್ಟ್ ಮತ್ತು ಬೆನ್ನೊ ಮುಲ್ಲರ್-ಹಿಲ್ ರೆಪ್ರೆಸರನ್ನು ಕೋಶದಿಂದ ಬೇರ್ಪಡಿಸಿ ಅದು ಪ್ರೋಟೀನೇ ಎಂದು ತೋರಿಸಿದ್ದು 1966ರಲ್ಲಿ. ಮರುವರ್ಷ ಅವರು ಅದನ್ನು ಲ್ಯಾಕ್ ಡಿಎನ್‌ಎ ಜೊತೆ ಬೆರೆಸಿದಾಗ ಅದು ಗಟ್ಟಿಯಾಗಿ ಅಂಟಿತು. ಆಪರೇಟರ್ ಕೆಟ್ಟ ತಳಿಯ ಡಿಎನ್‌ಎಗೆ ಹಾಗೆ ಅಂಟಲಿಲ್ಲ.