ಮೇಡಂ, ಇದ್ದೀರಾ?

ತಿಂಗಳ 19ನೇ ತಾರೀಖು, ಇಳಿಹೊತ್ತು ನಾಲ್ಕು ಗಂಟೆ. ಬೆಂಗಳೂರಿನ ಯಾವುದೋ ಕಚೇರಿಯ ಲೆಕ್ಕಪತ್ರ ವಿಭಾಗ ಎಂದಿಟ್ಟುಕೊಳ್ಳಿ. ಜಿಎಸ್‌ಟಿಆರ್-3ಬಿ ರಿಟರ್ನ್ ಸಲ್ಲಿಸಲು 20ನೇ ತಾರೀಖು ಕೊನೆ. ಅಲ್ಲಿನ ಹಿರಿಯ ಅಕೌಂಟೆಂಟ್ ಖರೀದಿ ಬಿಲ್‌ಗಳನ್ನು ಒಂದೊಂದಾಗಿ ಪೋರ್ಟಲ್‌ನ ಪಟ್ಟಿಯೊಂದಿಗೆ ತಾಳೆ ನೋಡುತ್ತಿದ್ದಾರೆ. ಎಲ್ಲೋ ಒಂದು ಕಡೆ ಹದಿನೆಂಟು ಸಾವಿರ ರೂಪಾಯಿ ವ್ಯತ್ಯಾಸ ಬರುತ್ತಿದೆ. ಅದರ ಬೆನ್ನು ಹತ್ತಿ ನಲವತ್ತನೇ ಸಾಲಿಗೆ ಬಂದಿದ್ದಾರೆ. ಆಗ ಪರದೆಯ ಮೂಲೆಯಲ್ಲಿ ಟಿಂಗ್.

4:07 – ಮೇಡಂ
4:07 – ಇದ್ದೀರಾ?
4:08 – ಒಂದು ಡೌಟ್ ಇತ್ತು
4:09 – ಆ ಹುಬ್ಬಳ್ಳಿ ಪಾರ್ಟಿ ಬಿಲ್
4:10 – ಹೋದ ತಿಂಗಳದ್ದು
4:12 – ಅದರಲ್ಲಿ ಅವರ ಜಿಎಸ್‌ಟಿ ನಂಬರ್ ತಪ್ಪಾಗಿದೆಯಂತೆ
4:13 – ಏನ್ ಮಾಡೋದು?
4:13 – ಅರ್ಜೆಂಟ್ ಏನಿಲ್ಲ

ಆರು ನಿಮಿಷದಲ್ಲಿ ಎಂಟು ಟಿಂಗ್. ವಿಷಯ ಏನೆಂದು ಗೊತ್ತಾದದ್ದು ಆರನೆಯದರಲ್ಲಿ, ಅವಸರವಿಲ್ಲ ಎಂದು ಗೊತ್ತಾದದ್ದು ಎಂಟನೆಯದರಲ್ಲಿ. ಅಷ್ಟರಲ್ಲಿ ನಲವತ್ತನೇ ಸಾಲು ಎಲ್ಲಿ ಹೋಯಿತೋ.

ಕಳಿಸಿದವರು ಸೇಲ್ಸ್ ವಿಭಾಗದ ಹುಡುಗ. ಕೆಟ್ಟವನಲ್ಲ, ಹಾಗೆ ನೋಡಿದರೆ ತೀರಾ ಮರ್ಯಾದಸ್ಥ. ಅವನಿಗೆ ‘ಹೀಗೆ ಕಳಿಸಬೇಡಪ್ಪ’ ಎಂದು ಮನಸ್ಸು ನೋಯದಂತೆ ಹೇಳುವುದು ಹೇಗೆ?

ಹೇಳುವ ಮೊದಲು ನಿಜವಾದ ನಷ್ಟ ಯಾವುದೆಂದು ತಿಳಿದಿರುವುದು ಒಳ್ಳೆಯದು. ‘ನಿಮ್ಮಿಂದ ನನ್ನ ಟೈಮ್ ವೇಸ್ಟ್ ಆಯ್ತು’ ಎಂಬುದು ಎಲ್ಲರ ಬಾಯಿಗೂ ಮೊದಲು ಬರುವ ದೂರು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಗ್ಲೋರಿಯಾ ಮಾರ್ಕ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಂಡದ್ದೇ ಬೇರೆ. ಇಮೇಲ್‌ಗಳಿಗೆ ಉತ್ತರಿಸುವ ಕೆಲಸ ಕೊಟ್ಟು ನಡುನಡುವೆ ಅಡ್ಡಿ ಮಾಡಿದಾಗ, ಅಡ್ಡಿಗೊಳಗಾದವರು ಕೆಲಸವನ್ನು ಬೇಗನೇ ಮುಗಿಸಿದರು, ಗುಣಮಟ್ಟವೂ ಇಳಿಯಲಿಲ್ಲ. ಹೋದ ಹೊತ್ತನ್ನು ತುಂಬಿಕೊಳ್ಳಲು ಅವರು ಓಡಿದ್ದರು. ಬೆಲೆ ತೆತ್ತದ್ದು ಬೇರೆ ಕಡೆ: ಇಪ್ಪತ್ತೇ ನಿಮಿಷದಲ್ಲಿ ಒತ್ತಡ, ಹತಾಶೆ, ತಲೆಭಾರ ಎಲ್ಲವೂ ಏರಿದ್ದವು.

ಅಂದರೆ ಎಂಟು ಟಿಂಗ್‌ಗಳ ನಂತರ ಕೆಟ್ಟಿರುವುದು ಮೊದಲು ನಮ್ಮ ತಲೆ. ವಿನಂತಿಯನ್ನು ಆ ತಲೆಯಿಂದಲೇ ಬರೆದರೆ ಅದು ವಿನಂತಿಯಾಗಿ ಉಳಿಯುವುದಿಲ್ಲ. 4:14ಕ್ಕೆ ಬರೆದ ‘ದಯವಿಟ್ಟು ಒಂದೊಂದೇ ಸಾಲು ಕಳಿಸಬೇಡಿ’ ಎಂಬ ಮಾತಿಗೂ, ಅದನ್ನೇ ಐದೂವರೆಗೆ ಕಾಫಿ ಕುಡಿದು ಬಂದು ಬರೆದ ಮಾತಿಗೂ ಧ್ವನಿ ಬೇರೆಯಾಗಿರುತ್ತದೆ.

ಇನ್ನು ಅವನ ಕಡೆಯಿಂದ ನೋಡಿ. ಒಂದು ಪ್ರಶ್ನೆ ಎಂಟು ತುಂಡಾಗುವುದಕ್ಕೆ ಕಾರಣಗಳಿವೆ. ಮೊದಲನೆಯದು ಬರೀ ಕೀಬೋರ್ಡಿನದು. ಟೀಮ್ಸ್ ಇರಲಿ, ಸ್ಲ್ಯಾಕ್ ಇರಲಿ, ಕಂಪ್ಯೂಟರಿನಲ್ಲಿ Enter ಒತ್ತಿದರೆ ಸಾಮಾನ್ಯವಾಗಿ ಸಂದೇಶ ಹೊರಟೇ ಹೋಗುತ್ತದೆ. ಹೊಸ ಸಾಲಿಗೆ ಹೋಗಲು Shift + Enter ಒತ್ತಬೇಕೆಂಬುದು ವರ್ಷಗಟ್ಟಲೆ ಚಾಟ್ ಮಾಡಿದವರಿಗೂ ಎಷ್ಟೋ ಸಲ ಗೊತ್ತಿರುವುದಿಲ್ಲ. ಸಾಲು ಮುರಿಯಲು ಹೋದಾಗಲೆಲ್ಲ ಸಂದೇಶವೇ ಮುರಿಯುತ್ತದೆ. ಎರಡನೆಯದು, ಹಸಿರು ಚುಕ್ಕೆ ಆರಿಹೋಗುವ ಮೊದಲು ಹಿಡಿದುಕೊಳ್ಳಬೇಕೆಂಬ ಆತುರ. ಉದ್ದಕ್ಕೆ ಬರೆಯುತ್ತ ಕೂತರೆ ಮೇಡಂ ಎದ್ದುಹೋಗಿಬಿಟ್ಟರೆ? ಅದಕ್ಕೇ ಮೊದಲು ‘ಇದ್ದೀರಾ’.

ಮೂರನೆಯದು ನಮ್ಮದೇ ನಡವಳಿಕೆ. ‘ಬರೀ ಹಲೋ ಹೇಳಿ ಕಾಯಬೇಡಿ, ನೇರ ವಿಷಯ ಬರೆಯಿರಿ’ ಎಂಬ ಮಾತು ಸಾಫ್ಟ್‌ವೇರ್ ಲೋಕದಲ್ಲಿ nohello ಎಂಬ ಹೆಸರಿನಲ್ಲಿ ಓಡಾಡುತ್ತದೆ. ಕೆಲವರು ಅದನ್ನು ತಮ್ಮ ಸ್ಟೇಟಸ್‌ನಲ್ಲೇ ಅಂಟಿಸಿಕೊಂಡಿರುತ್ತಾರೆ. ಕನ್ನಡದ ಕಚೇರಿಯಲ್ಲಿ ಅದು ಬಾಗಿಲಿಗೆ ‘ಒಳಗೆ ಬರಬೇಡಿ’ ಎಂದು ಬರೆದು ತೂಗುಹಾಕಿದಂತೆ ಕಾಣುತ್ತದೆ. ಊಟ ಆಯ್ತಾ, ಫ್ರೀ ಇದ್ದೀರಾ ಎಂದು ಕೇಳದೆ ಹಿರಿಯರ ಮುಂದೆ ನೇರ ಕೆಲಸದ ಮಾತಿಗೆ ಇಳಿಯುವುದು ನಮ್ಮಲ್ಲಿ ಒರಟುತನ. ಆ ಹುಡುಗ ‘ಮೇಡಂ’ ಎಂದು ಕರೆದು ಕಾದದ್ದು ಮರ್ಯಾದೆಗೆ. ಹಾಗಾಗಿ ಅವನಿಗೆ ‘ನಮಸ್ಕಾರ ಬೇಡ’ ಎನ್ನಬೇಕಾಗಿಲ್ಲ. ನಮಸ್ಕಾರವೂ ಪ್ರಶ್ನೆಯೂ ಒಂದೇ ಲಕೋಟೆಯಲ್ಲಿ ಬರಲಿ ಎಂದರೆ ಸಾಕು.

ಅವನು ಹಾಗೆ ಬರೆದಿದ್ದರೆ ಹೀಗಿರುತ್ತಿತ್ತು: ‘ನಮಸ್ಕಾರ ಮೇಡಂ. ಹುಬ್ಬಳ್ಳಿ ಪಾರ್ಟಿಗೆ ಹೋದ ತಿಂಗಳು ಹಾಕಿದ ಬಿಲ್‌ನಲ್ಲಿ ಅವರ ಜಿಎಸ್‌ಟಿ ನಂಬರ್ ತಪ್ಪಾಗಿದೆಯಂತೆ. ಸರಿ ಮಾಡೋದು ಹೇಗೆ? ಅರ್ಜೆಂಟ್ ಇಲ್ಲ, ನಾಳಿದ್ದು ಹೇಳಿದರೂ ಆಗುತ್ತೆ.’ ಒಂದೇ ಟಿಂಗ್. ಮೇಡಂ ಕಣ್ಣಾಡಿಸಿ ನಲವತ್ತೊಂದನೇ ಸಾಲಿಗೆ ಹೋಗಿರುತ್ತಿದ್ದರು.

ಈಗ ವಿನಂತಿಯ ಮಾತು. ಸಾಮಾನ್ಯವಾಗಿ ಜನ ಮಾಡುವುದು ಎರಡು. ಒಂದು, ಮೌನ. ನೋಡಿಯೂ ಉತ್ತರಿಸದೆ ಬಿಟ್ಟರೆ ಅರ್ಥವಾದೀತು ಎಂಬ ಆಸೆ. ಅರ್ಥವಾಗುವುದಿಲ್ಲ, ಒಂಬತ್ತನೇ ಸಂದೇಶವಾಗಿ ಎರಡು ಪ್ರಶ್ನಾರ್ಥಕ ಚಿಹ್ನೆ ಬರುತ್ತವೆ. ಇನ್ನೊಂದು, ಗ್ರೂಪಿನಲ್ಲಿ ಯಾರ ಹೆಸರೂ ಹೇಳದೆ ‘ಎಲ್ಲರ ಗಮನಕ್ಕೆ’ ಎಂದು ಹಾಕುವುದು. ಯಾರಿಗೆಂದು ಗ್ರೂಪಿನ ಹದಿನಾಲ್ಕು ಜನಕ್ಕೂ ಗೊತ್ತಾಗುತ್ತದೆ, ಅವನಿಗಂತೂ ಎಲ್ಲರಿಗಿಂತ ಮೊದಲು. ನೇರ ಹೇಳಿದ್ದಕ್ಕಿಂತ ಇದೇ ಹೆಚ್ಚು ಚುಚ್ಚುವುದು.

‘ದಯವಿಟ್ಟು’ ಎಂಬ ಪದವನ್ನೂ ಒಮ್ಮೆ ನೋಡಬೇಕು. ಅದನ್ನು ಸೇರಿಸಿದರೆ ಮಾತು ಮೃದುವಾಯಿತು ಎಂದು ಬಹಳ ಜನ ನಂಬಿದ್ದಾರೆ. ಆದರೆ ನಾವು ಈ ಪದವನ್ನು ಹೆಚ್ಚಾಗಿ ಕಾಣುವುದು ಎಲ್ಲಿ? ‘ದಯವಿಟ್ಟು ಚಪ್ಪಲಿ ಇಲ್ಲಿ ಬಿಡಬೇಡಿ’, ‘ದಯವಿಟ್ಟು ಸರತಿ ಸಾಲಿನಲ್ಲಿ ಬನ್ನಿ’. ಅದು ಬೋರ್ಡಿನ ಭಾಷೆ. ಇಬ್ಬರ ನಡುವಿನ ಮಾತಿನಲ್ಲಿ ಆ ಕೆಲಸವನ್ನು ‘ಸ್ವಲ್ಪ’ ಮಾಡುತ್ತದೆ. ಕ್ರಿಯಾಪದದ ಬಾಲವೂ ಮಾಡುತ್ತದೆ. ‘ಕಳಿಸಬೇಡಿ’ ಎಂದರೆ ತಡೆ. ‘ಒಂದೇ ಸಲ ಬರೆದುಬಿಡಿ’ ಎಂದಾಗ ಆ ‘ಬಿಡಿ’ ಕೆಲಸವನ್ನೇ ಹಗುರ ಮಾಡುತ್ತದೆ. ನಿಮಗೂ ಒಂದು ಸಲಕ್ಕೆ ಮುಗೀತು ಎಂಬ ಧ್ವನಿ ಅದರಲ್ಲಿದೆ. ‘ತಪ್ಪು ತಿಳ್ಕೋಬೇಡಿ’ ಎಂದು ಶುರು ಮಾಡುವುದಂತೂ ಬೇಡವೇ ಬೇಡ. ಆ ಮಾತು ಕೇಳಿದೊಡನೆ ಯಾರೂ ತಪ್ಪು ತಿಳಿಯಲು ಸಿದ್ಧರಾಗಿ ಕೂರುತ್ತಾರೆ.

ಆ ಮೇಡಂ ಐದೂವರೆಗೆ, ಅವನೊಬ್ಬನಿಗೇ, ಹೀಗೆ ಬರೆಯಬಹುದು:

‘ನಿಮ್ಮ ಬಿಲ್ ನೋಡಿದೆ. ಮುಂದಿನ ಜಿಎಸ್‌ಟಿಆರ್-1ರಲ್ಲಿ ತಿದ್ದುಪಡಿ ಹಾಕೋಣ, ಸರಿಯಾದ ನಂಬರ್ ಕಳಿಸಿಡಿ. ಇನ್ನೊಂದು ಮಾತು, ನಾನು ಲೆಕ್ಕಕ್ಕೆ ಕೂತಾಗ ತುಂಡು ತುಂಡಾಗಿ ಬಂದರೆ ನನಗೆ ಎರಡೂ ಕಡೆ ತಪ್ಪಿಹೋಗುತ್ತೆ. ಏನೇ ಇದ್ದರೂ ಸ್ವಲ್ಪ ಒಂದೇ ಮೆಸೇಜಲ್ಲಿ ಪೂರ್ತಿ ಬರೆದುಬಿಡಿ, ಸಂಜೆಯೊಳಗೆ ಉತ್ತರ ಕೊಡ್ತೀನಿ. ಸಾಲು ಬಿಡೋಕೆ Shift + Enter ಒತ್ತಿದರೆ ಆಯ್ತು. ನಿಜವಾಗ್ಲೂ ಅರ್ಜೆಂಟ್ ಇದ್ದರೆ ಫೋನೇ ಮಾಡಿ.’

ಇಲ್ಲಿ ಮೊದಲು ಬಂದದ್ದು ಅವನ ಪ್ರಶ್ನೆಗೆ ಉತ್ತರ. ಕೆಲಸ ಆಗಿದೆ, ಹಾಗಾಗಿ ಮುಂದಿನ ಮಾತು ಸಿಟ್ಟಿನಂತೆ ಕೇಳಿಸುವುದಿಲ್ಲ. ‘ನೀವು ಯಾವಾಗಲೂ’ ಎಂಬ ಮಾತಿಲ್ಲ, ತೊಂದರೆ ತನ್ನ ಕಡೆಯದೆಂದೇ ಹೇಳಿದೆ, ಅದು ಸುಳ್ಳೂ ಅಲ್ಲ. ಅವನ ಹೆದರಿಕೆ ಇದ್ದದ್ದು ಉತ್ತರ ಸಿಗುವುದಿಲ್ಲವೇನೋ ಎಂಬುದು. ‘ಸಂಜೆಯೊಳಗೆ’ ಎಂಬ ಮಾತು ನೇರ ಅಲ್ಲಿಗೆ ಮುಟ್ಟುತ್ತದೆ. ಅದೇ ಈ ಇಡೀ ಸಂದೇಶದ ದುಬಾರಿ ಪದ ಕೂಡ. ಒಂದು ದಿನ ಸಂಜೆ ದಾಟಿದರೂ ಮರುದಿನ ಬೆಳಿಗ್ಗೆ ‘ಮೇಡಂ’, ‘ಇದ್ದೀರಾ’ ವಾಪಸು ಬರುತ್ತವೆ, ಬರಬೇಕಾದ್ದೇ.

ನಾವು ಬರೆಯುತ್ತಿರುವಾಗಲೇ ನಡುವೆ ನುಗ್ಗುವವರದು ಸ್ವಲ್ಪ ಬೇರೆ ಕಥೆ. ಉತ್ತರ ಅರ್ಧ ಟೈಪ್ ಆಗಿರುತ್ತದೆ, ಅಷ್ಟರಲ್ಲಿ ಅತ್ತಲಿಂದ ಇನ್ನೂ ಮೂರು ಪ್ರಶ್ನೆ. ಅಮೆರಿಕದ ಭಾಷಾವಿಜ್ಞಾನಿ ಡೆಬೊರಾ ಟ್ಯಾನೆನ್ 1978ರಲ್ಲಿ ಗೆಳೆಯರ ಒಂದು ಹಬ್ಬದೂಟದ ಮಾತುಕತೆಯನ್ನು ಪೂರ್ತಿ ಧ್ವನಿಮುದ್ರಿಸಿ ಅಧ್ಯಯನ ಮಾಡಿದರು. ನ್ಯೂಯಾರ್ಕ್ ಕಡೆಯವರು ಒಬ್ಬರ ಮಾತಿನ ಮೇಲೊಬ್ಬರು ಮಾತಾಡುತ್ತಿದ್ದರು, ಅವರ ಪಾಲಿಗೆ ಅದು ಉತ್ಸಾಹ. ಕ್ಯಾಲಿಫೋರ್ನಿಯಾದವರಿಗೆ ತಮ್ಮ ಮಾತು ಮುಗಿಸಲು ಎಡೆಯೇ ಸಿಗಲಿಲ್ಲ ಅನ್ನಿಸಿತ್ತು. ನಮ್ಮ ಜಗಲಿಯ ಹರಟೆ ಕೇಳಿದವರಿಗೆ ಈ ಉತ್ಸಾಹ ಹೊಸದೇನಲ್ಲ. ಎದುರಿಗಿದ್ದರೆ ಕೈ ಎತ್ತಿ ‘ತಡೀರಿ, ಹೇಳ್ತೀನಿ’ ಎನ್ನಬಹುದು. ಚಾಟಿನಲ್ಲಿ ಆ ಕೈಯನ್ನು ಬರೆದೇ ಎತ್ತಬೇಕು: ‘ಮೊದಲನೇದಕ್ಕೆ ಬರೀತಿದ್ದೀನಿ, ಎರಡು ನಿಮಿಷ.’ ಇದಕ್ಕೆ ಯಾರೂ ಬೇಸರಪಡುವುದಿಲ್ಲ, ಏಕೆಂದರೆ ಇದರಲ್ಲಿ ದೂರೇ ಇಲ್ಲ. ಆಮೇಲೆ ಯಾವ ಪ್ರಶ್ನೆಗೆ ಉತ್ತರವೋ ಅದನ್ನೇ ಹಿಡಿದು ‘ರಿಪ್ಲೈ’ ಒತ್ತಿ ಬರೆದರೆ ಗೋಜಲು ಇರುವುದಿಲ್ಲ.

ಟಿಂಗ್ ಟಿಂಗ್ ಎನ್ನಿಸುವವರು ಮ್ಯಾನೇಜರೇ ಆಗಿದ್ದರೆ? ‘ಬರೆದುಬಿಡಿ ಸಾರ್’ ಎನ್ನುವುದು ಎಲ್ಲ ಕಚೇರಿಯಲ್ಲೂ ನಡೆಯುವುದಿಲ್ಲ. ಅಲ್ಲಿ ಅವರ ಅಭ್ಯಾಸದ ಮಾತೆತ್ತದೆ ತನ್ನ ವೇಳೆಯ ಮಾತೆತ್ತಬೇಕಾಗುತ್ತದೆ, ಅದೂ ಅಪ್ಪಣೆ ಕೇಳುವ ರೂಪದಲ್ಲಿ: ‘ಸಾರ್, 20ರವರೆಗೆ ಬೆಳಿಗ್ಗೆ ರಿಟರ್ನ್ಸ್ ಮೇಲೆ ಕೂತಿರ್ತೀನಿ. ನೀವು ಕಳಿಸಿದ್ದೆಲ್ಲ ಹನ್ನೆರಡಕ್ಕೆ ಒಟ್ಟಿಗೆ ನೋಡಿ ಉತ್ತರಿಸಲಾ?’ ಹ್ಞೂಂ ಎಂದರೆ ಸೂಚನೆಗಳನ್ನು ಹನ್ನೆರಡರವರೆಗೆ ಮುಚ್ಚಿಡಲು ದಾರಿಯಾಯಿತು. ಟೀಮ್ಸ್‌ನಲ್ಲಿ Do not disturb ಇಟ್ಟರೂ ಆಯ್ದ ಕೆಲವರ ಸಂದೇಶ ಮಾತ್ರ ಸದ್ದು ಮಾಡುವಂತೆ ಬಿಟ್ಟುಕೊಳ್ಳಬಹುದು. ಸಾರ್ ಅನ್ನು ಆ ಪಟ್ಟಿಗೆ ಸೇರಿಸಬೇಕೇ ಬೇಡವೇ ಎಂಬುದು ಅವರವರ ಧೈರ್ಯಕ್ಕೆ ಬಿಟ್ಟದ್ದು.

ಸೇಲ್ಸ್ ಹುಡುಗನ ವಿಷಯಕ್ಕೆ ಬಂದರೆ, ಒಂದು ಸಲ ಹೇಳಿದ ಮಾತ್ರಕ್ಕೆ ಬೆರಳಿನ ಅಭ್ಯಾಸ ಬಿಡುವುದಿಲ್ಲ. ಎರಡು ವಾರಕ್ಕೆ ಮತ್ತೆ ‘ಮೇಡಂ’ ಎಂದು ಬಂದರೆ ಪಾಠ ಮತ್ತೆ ಒಪ್ಪಿಸುವ ಅಗತ್ಯವಿಲ್ಲ. ‘ಹೇಳಿ, ಪೂರ್ತಿ ಬರೆದಿಡಿ, ನೋಡ್ತೀನಿ’ ಎಂದರೆ ಅವನಿಗೆ ನೆನಪಾಗುತ್ತದೆ. ಅದಾದ ಮೇಲೂ ನಿಲ್ಲದಿದ್ದರೆ ಆ ಒಂದು ಚಾಟಿನ ಸದ್ದು ನಿಲ್ಲಿಸಿ, ತಾನು ಹೇಳಿದ ಹೊತ್ತಿಗೆ ತೆರೆದು ನೋಡಬಹುದು.

ಮುಂದಿನ ತಿಂಗಳ 19ಕ್ಕೆ ಹುಬ್ಬಳ್ಳಿಯದೇ ಇನ್ನೊಂದು ಬಿಲ್ ಬಂತೆನ್ನಿ. ಈ ಸಲ ಒಂದೇ ಸಂದೇಶ: ನಮಸ್ಕಾರ, ಬಿಲ್ ನಂಬರ್, ತಾರೀಖು, ಪ್ರಶ್ನೆ, ಎಲ್ಲ ನಾಲ್ಕು ಸಾಲಿನಲ್ಲಿ ಅಚ್ಚುಕಟ್ಟು. ಮೇಡಂ ಸಂಜೆ ಉತ್ತರ ಕಳಿಸುತ್ತಾರೆ. ಅದರ ಹಿಂದೆಯೇ ಅತ್ತಲಿಂದ ‘ಥ್ಯಾಂಕ್ಸ್’. ಆಮೇಲೆ ‘ಮೇಡಂ’. ಆಮೇಲೆ ಒಂದು ಕೈಮುಗಿದ ಚಿತ್ರ.