ಶೇಕಡಾ ನಲವತ್ತು: ಯಾವುದರ ಮೇಲೆ?

ಬೆಳಗಾವಿಯ ಖಡೇ ಬಜಾರಿನ ಅಂಗಡಿಕಾರರು "ನಮಗೆ ನಲವತ್ತು ಪರ್ಸೆಂಟ್ ಬೇಕು" ಎಂದರೆ ಆ ನಲವತ್ತು ಮಾರಾಟ ಬೆಲೆಯ ಮೇಲಿನದು, ಅಂದರೆ ಮಾರ್ಜಿನ್. ತಯಾರಕರು ಅದನ್ನು ಖರೀದಿ ಬೆಲೆಯ ಮೇಲೆ ಕೂಡಿಸುವ ಮಾರ್ಕಪ್ ಎಂದು ತಿಳಿಯುವುದುಂಟು. ಮೊದಲ ತಪ್ಪು ಇಲ್ಲಿಯೇ ನುಸುಳುತ್ತದೆ.

ಖಾನಾಪುರದಲ್ಲಿ ಹೊಲಿದು ಬೆಳಗಾವಿಯ ಅಂಗಡಿಗಳಿಗೆ ಪೂರೈಸುವ ಕುರ್ತಾ ಬ್ರಾಂಡೊಂದನ್ನು ಉದಾಹರಣೆಯಾಗಿ ಇಟ್ಟುಕೊಳ್ಳಬಹುದು. ಒಂದು ಕುರ್ತಾಕ್ಕೆ ಬಟ್ಟೆ 210 ರೂ., ಹೊಲಿಗೆ 110, ಗುಂಡಿ, ಲೇಬಲ್ ಮತ್ತು ಪ್ಯಾಕಿಂಗ್ 30, ಸಾಗಣೆ ಹಾಗೂ ಕೆಟ್ಟ ಮಾಲಿನ ಪಾಲು 20, ಬಾಡಿಗೆ-ವಿದ್ಯುತ್ತಿನ ಪಾಲು 30. ಒಟ್ಟು ಅಸಲು 400 ರೂ. (ಕೊನೆಯ ಎರಡು ಬಾಬುಗಳನ್ನು ಬಿಟ್ಟು ಲೆಕ್ಕ ಹಾಕುವವರೇ ಹೆಚ್ಚು.) ಇದರ ಮೇಲೆ ಶೇ. 25 ಮಾರ್ಕಪ್ ಸೇರಿಸಿದರೆ ಸಗಟು ಬೆಲೆ 500 ರೂ. ಲಾಭ 100 ರೂ.; ಮಾರ್ಜಿನ್ ಮಾತ್ರ ಶೇ. 20.

ಇನ್ನು ಚಿಲ್ಲರೆ ಬೆಲೆ. 500ಕ್ಕೆ ಶೇ. 40 ಕೂಡಿಸಿದರೆ 700 ಆಗುತ್ತದೆ. ಆದರೆ 700ರಲ್ಲಿ 200 ರೂ. ಲಾಭವೆಂದರೆ ಶೇ. 28.6 ಮಾರ್ಜಿನ್ ಅಷ್ಟೇ. ಅಂಗಡಿಕಾರರು ಮಾಲು ಇಟ್ಟುಕೊಳ್ಳಲು ಹಿಂಜರಿಯುವುದು ಸಹಜ. ಸರಿಯಾದ ಕ್ರಮವೆಂದರೆ 500ನ್ನು 0.60ರಿಂದ ಭಾಗಿಸುವುದು: 833.33 ರೂ. 2025ರ ಸೆಪ್ಟೆಂಬರ್ 22ರಿಂದ 2,500 ರೂ. ಮೀರದ ಉಡುಪಿಗೆ ಜಿಎಸ್‌ಟಿ ಶೇ. 5 ಇರುವುದರಿಂದ, ತೆರಿಗೆ ಸೇರಿ ಎಂ.ಆರ್.ಪಿ. 875 ರೂ.

ದೀಪಾವಳಿಗೆ ಶೇ. 20 ರಿಯಾಯಿತಿಯ ಫಲಕ ತೂಗುಹಾಕಿದಾಗ ನಿಜವಾದ ಪರೀಕ್ಷೆ ಆರಂಭವಾಗುತ್ತದೆ. ಗ್ರಾಹಕರು ಕೊಡುವುದು 700 ರೂ.; ತೆರಿಗೆ ಕಳೆದರೆ ಅಂಗಡಿಗೆ ಉಳಿಯುವುದು 666.67. ಅದರಲ್ಲಿ ಖರೀದಿ 500 ಕಳೆದರೆ ಲಾಭ 166.67 ರೂ. ರಿಯಾಯಿತಿಗೆ ಮುನ್ನ ಅದು 333.33 ಇತ್ತು. ಬೆಲೆ ಐದರಲ್ಲೊಂದು ಪಾಲು ಇಳಿದರೆ ಲಾಭ ಅರ್ಧಕ್ಕೆ ಇಳಿಯಿತು. ಹಿಂದಿನಷ್ಟೇ ಗಳಿಸಲು ಎರಡರಷ್ಟು ಕುರ್ತಾ ಮಾರಬೇಕು.

ಹೀಗಾಗಿ ಹಬ್ಬ ಮುಗಿದ ಮೇಲೆ ಅಂಗಡಿಯಿಂದ ಬೇಡಿಕೆ ಬರುತ್ತದೆ: "ರಿಯಾಯಿತಿಯಲ್ಲಿ ಅರ್ಧ ನೀವು ಭರಿಸಿ." ಅರ್ಧವೆಂದರೆ ತೆರಿಗೆ ಹೊರತುಪಡಿಸಿ 83.33 ರೂ. ಕೇಳಲು ಸಣ್ಣ ಮೊತ್ತ. ಆದರೆ ತಯಾರಕರ ಒಟ್ಟು ಲಾಭವೇ 100 ರೂ. ಉಳಿಯುವುದು 16.67. ಬಾಕಿ ಹಣ ಮೂರು ತಿಂಗಳು ತಡವಾದರೆ ಬಡ್ಡಿಗೇ ಅದರ ಬಹುಪಾಲು ಸಂದಾಯವಾದೀತು.

ಆದ್ದರಿಂದ ರಿಯಾಯಿತಿ ಯಾರ ಪಾಲು, ಎಷ್ಟು, ಯಾವ ದಿನಾಂಕಗಳ ನಡುವೆ ಎಂಬುದು ಆರ್ಡರು ಪಡೆಯುವಾಗಲೇ ಬರವಣಿಗೆಯಲ್ಲಿ ಇರಬೇಕು. ಪಾಲು ಹೊರಲೇಬೇಕಾದರೆ ಅದನ್ನು ಸಗಟು ಬೆಲೆಯಲ್ಲಿ ಮೊದಲೇ ಸೇರಿಸಬೇಕು. ಹಾಗೆ ಸೇರಿಸಿದಾಗ ಎಂ.ಆರ್.ಪಿ. ಸಾವಿರ ದಾಟುತ್ತದೆ, ಆ ಬೆಲೆಗೆ ಖಾನಾಪುರದ ಸಂತೆಯ ಗಿರಾಕಿ ಕೈಚಾಚದಿದ್ದರೆ, ಕಡಿಮೆ ಮಾಡಬೇಕಾದುದು ಅಸಲನ್ನೇ ಹೊರತು ಮಾರ್ಜಿನ್ನನ್ನಲ್ಲ.