ಮೊದಲ ಸಂಬಳದಿಂದಲೇ ಹೂಡಿಕೆ

ಹೊಸದಾಗಿ ಕೆಲಸಕ್ಕೆ ಸೇರಿದ ಮಿತ್ರರೇ, ಒಂದು ಲೆಕ್ಕ ನೋಡಿ. ನಿಮ್ಮಲ್ಲೊಬ್ಬರು 25ನೇ ವಯಸ್ಸಿನಿಂದ ಪ್ರತಿ ವರ್ಷದ ಆರಂಭದಲ್ಲಿ 12,000 ರೂಪಾಯಿಯಂತೆ ಹತ್ತು ವರ್ಷ ಮಾತ್ರ ತೊಡಗಿಸಿ, ಅನಂತರ ಆ ಹಣವನ್ನು ಮುಟ್ಟದೆ ಬಿಡುತ್ತಾರೆ. ಇನ್ನೊಬ್ಬರು 35ಕ್ಕೆ ಆರಂಭಿಸಿ, ಇಪ್ಪತ್ತೈದು ವರ್ಷ ಅಷ್ಟಷ್ಟೇ ಕಟ್ಟುತ್ತಾರೆ. ಶೇಕಡಾ 7ರ ಚಕ್ರಬಡ್ಡಿ ಎಂದಿಟ್ಟುಕೊಂಡರೆ, 60 ತುಂಬುವಾಗ 1.2 ಲಕ್ಷ ಕಟ್ಟಿದ ಮೊದಲನೆಯವರಿಗೆ ಸುಮಾರು 9.63 ಲಕ್ಷ ಸಿಗುತ್ತದೆ. 3 ಲಕ್ಷ ಕಟ್ಟಿದ ಎರಡನೆಯವರಿಗೆ ಸಿಗುವುದು ಸುಮಾರು 8.12 ಲಕ್ಷ. ಮೊದಲನೆಯವರ ಬಡ್ಡಿಯೂ ಅಸಲಿಗೆ ಸೇರಿ ಹೆಚ್ಚು ವರ್ಷ ದುಡಿದದ್ದೇ ಇದಕ್ಕೆ ಕಾರಣ.

ಆರಂಭಕ್ಕೆ ಅಂಚೆ ಕಚೇರಿಯ ಪಿ.ಪಿ.ಎಫ್. ಖಾತೆ ಸಾಕು. ಅದರ ಬಡ್ಡಿದರವನ್ನು ಸರ್ಕಾರ ಆಗಾಗ ಪರಿಷ್ಕರಿಸುತ್ತದೆ. ತಿಂಗಳ 5ನೇ ತಾರೀಖಿನೊಳಗೆ ಹಣ ಕಟ್ಟಿ. ತಡವಾದರೆ ಆ ಕಂತಿಗೆ ಆ ತಿಂಗಳ ಬಡ್ಡಿ ಬರುವುದಿಲ್ಲ. ಖಾತೆಯ ಅವಧಿ 15 ವರ್ಷ, ನಡುವೆ ಹಣ ತೆಗೆಯಲು ನಿರ್ಬಂಧಗಳಿವೆ. ಆದ್ದರಿಂದ ಆಸ್ಪತ್ರೆಯಂಥ ತುರ್ತಿಗೆ ಬೇಕಾದ ಹಣವನ್ನು ಬೇರೆಯಾಗಿ ಇಡಿ. ದುಬಾರಿ ಬಡ್ಡಿಯ ಸಾಲವಿದ್ದರೆ ಮೊದಲು ಅದನ್ನು ತೀರಿಸಿ.

ಒಂದು ಎಚ್ಚರಿಕೆ: ಶೇಕಡಾ 7 ಬಡ್ಡಿ ಬಂದು, ಬೆಲೆಗಳು ಶೇಕಡಾ 5 ಏರಿದರೆ, ನಿಜವಾದ ಗಳಿಕೆ ಸುಮಾರು 2 ಮಾತ್ರ. ಸಂಬಳ ಹೆಚ್ಚಿದಾಗ ಕಂತನ್ನೂ ಹೆಚ್ಚಿಸುತ್ತಾ ಹೋಗಿ.